ವೈನಿಯ ಅಕೌಂಟ್ ಹೋದದ್ದು ನನ್ನಿಂದಲೇ

ಹೋದ ವರ್ಷ ದೀಪಾವಳಿಗೆ ಇನ್ನು ಒಂಬತ್ತು ದಿನ ಇತ್ತು. ಬೆಳಗ್ಗೆ ಏಳೂ ಇಪ್ಪತ್ತಕ್ಕೆ ವೈನಿಯ ಫೋನು. "ಏನೋ ಇಂಗ್ಲಿಷ್‌ನಾಗ ಬಂದೈತಿ ನೋಡಪಾ. ಅಂಗಡೀನ ಕಾಣವಲ್ದು." ಸ್ಕ್ರೀನ್‌ಶಾಟ್ ನೋಡಿದ ಕೂಡಲೇ ನನಗೆ ಗೊತ್ತಾಯಿತು. ಅಕೌಂಟ್ ಸಸ್ಪೆಂಡ್ ಆಗಿತ್ತು. ಯಾಕೆ ಆಯಿತು ಎನ್ನುವುದೂ ಗೊತ್ತಿತ್ತು. ಆದರೆ ಅದನ್ನು ವೈನಿಗೆ ಹೇಳಲು ನನಗೆ ಮೂರು ದಿನ ಹಿಡಿಯಿತು.

ನಮ್ಮ ಮನೆ ಹುಬ್ಬಳ್ಳಿಯ ಉಣಕಲ್‌ನಲ್ಲಿ, ಕೆರೆಯಿಂದ ಹತ್ತು ನಿಮಿಷದ ನಡಿಗೆ. ವೈನಿ ಮನೆಯ ಮುಂದಿನ ಕೋಣೆಯಲ್ಲೇ ಗುಳೇದಗುಡ್ಡದ ಖಣದಿಂದ ಕುಪ್ಪಸ ಹೊಲಿಯುತ್ತಾರೆ, ಇಳಕಲ್ ಸೀರೆ ತರಿಸಿ ಮಾರುತ್ತಾರೆ. ಅಂಗಡಿ ಎಂದರೆ ಫೋನಿನೊಳಗಿನ ಅಕೌಂಟು, ಅಷ್ಟೆ. (ಆ ಆ್ಯಪಿನ ಹೆಸರು ಹೇಳುವುದಿಲ್ಲ. ತಪ್ಪು ನನ್ನದು.) ಮೂರು ವರ್ಷದಲ್ಲಿ 2,380 ಫಾಲೋವರ್ಸ್ ಬಂದಿದ್ದರು. ಕಡಿಮೆ ಅನ್ನಿಸಬಹುದು, ಆದರೆ ಅವರಲ್ಲಿ ಬಹಳಷ್ಟು ಮಂದಿ ನಿಜವಾಗಿ ಕೊಳ್ಳುವವರು. "ಅಕ್ಕಾ, ಹಸಿರು ಬಣ್ಣದ್ದು ಐತೇನ್ರಿ?" ಅಂತ ಮೆಸೇಜ್ ಮಾಡುವವರು.

ನನಗೆ ಆ ಸಂಖ್ಯೆ ಸಾಲಲಿಲ್ಲ. ನಾನು ಸಾಫ್ಟ್‌ವೇರ್ ಎಂಜಿನಿಯರ್ ನೋಡಿ, ಸಂಖ್ಯೆ ಕಂಡರೆ ಅದನ್ನು ಏರಿಸುವುದು ಹೇಗೆ ಎನ್ನುವ ಯೋಚನೆಯೇ ಮೊದಲು ಬರುತ್ತದೆ. ಶ್ರಾವಣದಲ್ಲಿ ಒಂದು ಸಂಜೆ ವೈನಿಗೆ ಹೇಳದೆ, ಅಂತರ್ಜಾಲದಲ್ಲಿ ಸಿಕ್ಕ ಒಂದು 'ಪ್ಯಾನೆಲ್'ನಲ್ಲಿ 650 ರೂಪಾಯಿ ಯುಪಿಐ ಮಾಡಿ ಐದು ಸಾವಿರ ಫಾಲೋವರ್ಸ್ ತರಿಸಿದೆ. ಪ್ಯಾನೆಲ್ ಎಂದರೆ ಸಗಟು ಮಾರುಕಟ್ಟೆ ಇದ್ದ ಹಾಗೆ. ಫಾಲೋವರ್ಸ್, ಲೈಕ್, ವ್ಯೂ ಎಲ್ಲದಕ್ಕೂ ಸಾವಿರಕ್ಕೆ ಇಷ್ಟು ಎಂಬ ದರಪಟ್ಟಿ ಇರುತ್ತದೆ. ಪಾಸ್‌ವರ್ಡ್ ಕೇಳುವುದಿಲ್ಲ, ಅಕೌಂಟಿನ ಲಿಂಕ್ ಕೊಟ್ಟರೆ ಸಾಕು.

ಇಲ್ಲಿ ಒಂದು ವಿಷಯ ನಿಧಾನವಾಗಿ ಹೇಳಬೇಕು, ಯಾಕೆಂದರೆ ಹೆಚ್ಚಿನವರು ತಪ್ಪು ತಿಳಿಯುವುದು ಇಲ್ಲೇ. ಕೊಂಡ ಫಾಲೋವರ್ಸ್‌ನಿಂದಲೇ ಅಕೌಂಟ್ ಹೋಗುವುದು ಅಪರೂಪ. ಬರೀ ಲಿಂಕ್ ಸಾಕು ಎಂದ ಮೇಲೆ ಯಾರು ಬೇಕಾದರೂ ಯಾರ ಅಕೌಂಟಿಗೆ ಬೇಕಾದರೂ ಐದು ಸಾವಿರ ಸುಳ್ಳು ಫಾಲೋವರ್ಸ್ ಕಳಿಸಬಹುದು. ಪಕ್ಕದ ಬೂಟೀಕಿನವರು ಹೊಟ್ಟೆಕಿಚ್ಚಿಗೆ ನಿಮ್ಮ ಅಕೌಂಟಿಗೂ ಕಳಿಸಬಹುದು. ಅಷ್ಟಕ್ಕೇ ಅಕೌಂಟ್ ಮುಚ್ಚಿದರೆ ವ್ಯಾಪಾರದ ವೈರಿಗಳಿಗೆ 650 ರೂಪಾಯಿಯ ಆಯುಧ ಸಿಕ್ಕಂತಾಗುತ್ತದೆ. ಅದಕ್ಕೇ ಕಂಪನಿಗಳು ಸಾಮಾನ್ಯವಾಗಿ ಆ ಸುಳ್ಳು ಅಕೌಂಟುಗಳನ್ನು ಒರೆಸಿಹಾಕುತ್ತವೆ, ನಿಮ್ಮದನ್ನು ಬಿಡುತ್ತವೆ. ನಮ್ಮದೂ ಹಾಗೇ ಆಯಿತು. ಒಂದೂವರೆ ತಿಂಗಳಲ್ಲಿ ಐದು ಸಾವಿರದಲ್ಲಿ ಎರಡು ಸಾವಿರದಷ್ಟು ಮಾಯ.

ಬೇರೆ ಪೆಟ್ಟು ಬಿದ್ದಿತ್ತು. ವೈನಿ ಹೊಸ ಸೀರೆಯ ವಿಡಿಯೋ ಹಾಕಿದರೆ ಮೊದಲು ಇನ್ನೂರು ಲೈಕ್ ಬರುತ್ತಿತ್ತು, ಈಗ ಅರವತ್ತು. ಇಂಥ ಆ್ಯಪುಗಳು ಯಾವುದೇ ವಿಡಿಯೋವನ್ನು ಮೊದಲು ಸ್ವಲ್ಪ ಮಂದಿಗೆ ತೋರಿಸಿ, ಅವರು ನಿಂತು ನೋಡಿದರೆ ಮುಂದೆ ಹೆಚ್ಚು ಜನಕ್ಕೆ ತೋರಿಸುತ್ತವೆ. ನಮ್ಮ ಫಾಲೋವರ್ಸ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಜೀವವೇ ಇಲ್ಲದವರು. ಖಣ ಎಂದರೇನು ಎಂದು ಅವರಿಗೇನು ಗೊತ್ತು?

"ಯಾಕಪಾ, ಯಾರೂ ನೋಡವಲ್ರು" ಎಂದು ವೈನಿ ಕೇಳಿದಾಗ ಸುಮ್ಮನೆ ಇರಬೇಕಿತ್ತು. ನಾನು ಒಂದು ಆಟೊಮೇಷನ್ ಟೂಲ್ ಹಾಕಿದೆ.

ಈ ಟೂಲ್ ಪ್ಯಾನೆಲ್‌ನಂಥದ್ದಲ್ಲ. ಇದು ಯೂಸರ್‌ನೇಮ್, ಪಾಸ್‌ವರ್ಡ್ ಎರಡನ್ನೂ ತನ್ನ ಪುಟದಲ್ಲೇ ಕೇಳುತ್ತದೆ. ಆಮೇಲೆ ತನ್ನ ಸರ್ವರ್‌ನಿಂದ ನಿಮ್ಮ ಹೆಸರಲ್ಲಿ ಲಾಗಿನ್ ಆಗಿ, ದೊಡ್ಡ ಸೀರೆ ಅಂಗಡಿಗಳನ್ನು ಯಾರು ಫಾಲೋ ಮಾಡುತ್ತಾರೋ ಅವರನ್ನೆಲ್ಲ ಸಾಲಾಗಿ ಫಾಲೋ ಮಾಡುತ್ತದೆ. ಅವರು ತಿರುಗಿ ಫಾಲೋ ಮಾಡಲಿ ಎನ್ನುವ ಆಸೆ. ಮೂರು ದಿನದ ನಂತರ ಎಲ್ಲರನ್ನೂ ಅನ್‌ಫಾಲೋ ಮಾಡುತ್ತದೆ. ದಿನಕ್ಕೆ ನೂರೈವತ್ತು ಎಂದು ಸೆಟ್ ಮಾಡಿದೆ. ಸಮಯ ರಾತ್ರಿ ಎರಡರಿಂದ ನಾಲ್ಕು. ಬ್ಯಾಚ್ ಜಾಬ್ ಅಂದರೆ ರಾತ್ರಿಯೇ ಓಡಿಸುವುದು ನಮ್ಮ ಕಸುಬಿನ ಚಾಳಿ.

ಪ್ಯಾನೆಲ್‌ಗೂ ಇದಕ್ಕೂ ಇರುವ ವ್ಯತ್ಯಾಸ ಈಗ ಕಾಣುತ್ತದಲ್ಲ? ಅಲ್ಲಿ ವೈನಿಯ ಅಕೌಂಟಿಗೆ ಯಾರೋ ಏನೋ ಮಾಡಿದರು. ಇಲ್ಲಿ ವೈನಿಯ ಅಕೌಂಟೇ ಬೇರೆಯವರಿಗೆ ಏನೋ ಮಾಡುತ್ತಿದೆ. ಅಕೌಂಟ್ ಹೋಗುವುದು ಈ ಎರಡನೆಯದರಿಂದ. 'ಉಚಿತ ಫಾಲೋವರ್ಸ್, ಕಾಯಿನ್ ಗಳಿಸಿ' ಎನ್ನುವ ಆ್ಯಪುಗಳೂ ಇದೇ ಜಾತಿ. ಅಲ್ಲಿ ಕಾಯಿನ್ ಕೊಡುವುದು ಸುಮ್ಮನೆ ಅಲ್ಲ. ನಿಮ್ಮ ಲಾಗಿನ್ ಬಳಸಿ ಬೇರೆ ಗಿರಾಕಿಗಳನ್ನು ಫಾಲೋ ಮಾಡಿಸುತ್ತಾರೆ, ಅಂದರೆ ನೀವೇ ಯಾರೋ ಕೊಂಡ ಫಾಲೋವರ್ ಆಗಿರುತ್ತೀರಿ.

ಎಚ್ಚರಿಕೆ ಬಂದಿರಲಿಲ್ಲ ಎಂದಲ್ಲ. ಮೊದಲ ವಾರವೇ ವೈನಿಯ ಫೋನಿನಲ್ಲಿ 'ಸ್ವಯಂಚಾಲಿತ ಚಟುವಟಿಕೆ ಇರುವಂತಿದೆ' ಎಂಬ ಅರ್ಥದ ಸೂಚನೆ ಬಂತು. ಅವರು ಓದದೆ ಒತ್ತಿ ಮುಂದೆ ಹೋದರು. ಎರಡನೇ ವಾರ ಪಾಸ್‌ವರ್ಡ್ ಬದಲಿಸಿ ಎಂದಿತು. ಬದಲಿಸಿಕೊಟ್ಟವನು ನಾನು. ಬದಲಿಸಿದ ಹೊಸ ಪಾಸ್‌ವರ್ಡನ್ನು ಅದೇ ರಾತ್ರಿ ಟೂಲಿಗೂ ಕೊಟ್ಟೆ! ಮೂರನೆಯದು, ಒಂದು ದಿನ ಫಾಲೋ ಬಟನ್ನೇ ಕೆಲಸ ಮಾಡಲಿಲ್ಲ. ಅದಾಗಿ ಐದನೇ ದಿನಕ್ಕೆ ವೈನಿಯ ಫೋನು ಬಂತು.

ಆಗ ಮೆಸೇಜ್ ಬಾಕ್ಸಿನಲ್ಲಿ 23 ಆರ್ಡರ್ ಇದ್ದವು. ಅಳತೆ, ಬಣ್ಣ, ವಿಳಾಸ ಎಲ್ಲ ಅದರೊಳಗೇ. ಮುಂಗಡ ಎಂದು 41 ಸಾವಿರ ಬಂದಿತ್ತು, ಅದು ಗುಳೇದಗುಡ್ಡಕ್ಕೂ ಇಳಕಲ್‌ಗೂ ಹೋಗಿಯಾಗಿತ್ತು. ಗಿರಾಕಿಗಳ ಕಡೆಯಿಂದ ನೋಡಿ: ದುಡ್ಡು ಹಾಕಿದ್ದೇವೆ, ಹಬ್ಬ ಹತ್ತಿರ ಬಂದಿದೆ, ಅಂಗಡಿಯ ಅಕೌಂಟೇ ಇಲ್ಲ. ಏನು ಅಂದುಕೊಳ್ಳುತ್ತಾರೆ? ದಾವಣಗೆರೆಯ ಒಬ್ಬರು ಹೇಗೋ ನಂಬರ್ ಹುಡುಕಿ ಫೋನ್ ಮಾಡಿ, 1930ಕ್ಕೆ ದೂರು ಕೊಡುತ್ತೇನೆ ಎಂದರು. ಸೈಬರ್ ವಂಚನೆಯ ಸಹಾಯವಾಣಿ ಅದು. ವೈನಿ ಆ ದಿನ ಊಟ ಮಾಡಲಿಲ್ಲ.

ಅಪೀಲ್ ಹಾಕಿದೆ. ಮೊದಲು ಫೋನಿಗೆ ಬಂದ ಕೋಡ್, ಆಮೇಲೆ ವೈನಿಯ ಸೆಲ್ಫಿ, ಕೊನೆಗೆ ಪುಟ್ಟ ಪೆಟ್ಟಿಗೆಯಲ್ಲಿ ವಿವರಣೆ. ನಾನು ಬರೆದದ್ದು: ಇದು ಮಹಿಳೆಯೊಬ್ಬರ ಪ್ರಾಮಾಣಿಕ ಸಣ್ಣ ವ್ಯಾಪಾರ, ನಾವು ಯಾವ ನಿಯಮವನ್ನೂ ಮುರಿದಿಲ್ಲ. 31 ಗಂಟೆಯ ನಂತರ ಉತ್ತರ ಬಂತು. ನಿರ್ಧಾರದಲ್ಲಿ ಬದಲಾವಣೆ ಇಲ್ಲ. ಹೆಲ್ಪ್ ಪುಟದಲ್ಲಿದ್ದ ಇನ್ನೊಂದು ಫಾರ್ಮ್ ತುಂಬಿದೆ. ಈ ಸಲ 'ಅಕೌಂಟ್ ಹ್ಯಾಕ್ ಆಗಿತ್ತು' ಎಂದು ಬರೆದೆ. ಅದಕ್ಕೂ ಅದೇ ಉತ್ತರ.

ಸಿಟ್ಟು ಬಂತು, ನಿಜ. ಮನುಷ್ಯರು ಓದಿಯೇ ಇಲ್ಲ, ಯಂತ್ರವೇ ಉತ್ತರ ಕೊಟ್ಟಿದೆ ಎಂದು ಅಣ್ಣನ ಮುಂದೆ ಹಾರಾಡಿದೆ. ಆದರೆ ಸಸ್ಪೆಂಡ್ ಆದರೂ ಅಕೌಂಟಿನ ಡೇಟಾ ಡೌನ್‌ಲೋಡ್ ಮಾಡಲು ಅವಕಾಶ ಇತ್ತು. ಆರ್ಡರ್ ವಿವರ ಸಿಗಬಹುದೆಂದು ಅದನ್ನು ತರಿಸಿಕೊಂಡೆ. ಅದರೊಳಗೆ ಲಾಗಿನ್‌ಗಳ ಪಟ್ಟಿ, ಯಾರನ್ನು ಯಾವಾಗ ಫಾಲೋ ಮಾಡಿದ್ದೇವೆ ಎಂಬ ದಾಖಲೆ ಎಲ್ಲ ಇತ್ತು. ಒಂದು ರಾತ್ರಿಯ ಐದು ಸಾಲು ಹೀಗಿದ್ದವು:

```
02:14:07  follow
02:14:49  follow
02:15:38  follow
02:16:15  follow
02:17:06  follow
```

ಅಂತರ ಲೆಕ್ಕ ಹಾಕಿ: 42, 49, 37, 51 ಸೆಕೆಂಡ್. ಟೂಲಿನವರು 'ಮನುಷ್ಯರ ಹಾಗೇ ಕಾಣುತ್ತದೆ' ಎಂದು ಜಾಹೀರಾತು ಮಾಡಿದ್ದರು, ಸಮಾನ ಅಂತರ ಇಲ್ಲದ ಹಾಗೆ ನೋಡಿಕೊಂಡಿದ್ದರು ಕೂಡ. ಆದರೆ ಮೂರು ವಾರದ ಎಲ್ಲ ಸಾಲುಗಳನ್ನೂ ಸೇರಿಸಿ ನೋಡಿದರೆ ಪ್ರತಿಯೊಂದು ಅಂತರವೂ 35ರಿಂದ 55ರ ಒಳಗೇ ಇತ್ತು. ಒಂದು ಸಲವೂ ಹತ್ತು ಸೆಕೆಂಡ್ ಇಲ್ಲ, ಒಂದು ಸಲವೂ ಹತ್ತು ನಿಮಿಷ ಇಲ್ಲ. ಅದೇ ಕಡತದಲ್ಲಿ ವೈನಿ ತಾವೇ ಮಾಡಿದ ಹಳೆಯ ಫಾಲೋಗಳೂ ಇದ್ದವು. ಐದು ಸೆಕೆಂಡಿನಲ್ಲಿ ಎರಡು, ಆಮೇಲೆ ನಾಲ್ಕು ತಾಸು ಏನೂ ಇಲ್ಲ, ಮಧ್ಯಾಹ್ನ ಒಂದು, ಆಮೇಲೆ ಎರಡು ದಿನ ಸುಮ್ಮನೆ. ಕುಕ್ಕರ್ ಕೂಗುತ್ತದೆ, ಬಾಗಿಲಿಗೆ ಯಾರೋ ಬರುತ್ತಾರೆ, ಮಗಳನ್ನು ಸ್ಕೂಲಿನಿಂದ ಕರೆತರಬೇಕು. ಮನುಷ್ಯರ ಕೆಲಸ ಹಾಗೇ ಇರುತ್ತದೆ, ಗೊಂಚಲು ಗೊಂಚಲಾಗಿ.

ಲಾಗಿನ್ ಪಟ್ಟಿ ಇನ್ನೂ ಮುಜುಗರದ್ದು. ಹಗಲೆಲ್ಲ ವೈನಿಯ ಫೋನು, ಹುಬ್ಬಳ್ಳಿ. ರಾತ್ರಿ ಎರಡಕ್ಕೆ ನಾವು ಕಂಡೇ ಇರದ ಒಂದು ಫೋನ್ ಮಾಡೆಲ್, ಬೇರೆ ದೇಶದ ವಿಳಾಸ. ಉಣಕಲ್‌ನಲ್ಲಿ ಮಲಗಿದವರು ಮೂರು ತಾಸಿನಲ್ಲಿ ವಿದೇಶಕ್ಕೆ ಹೋಗಿ ಬಂದ ಹಾಗೆ.

ಆಗ ಅರ್ಥವಾಯಿತು, ಅಪೀಲ್ ಯಾಕೆ ಬಿದ್ದುಹೋಯಿತು ಎಂದು. ಕಂಪನಿಯ ಒಳಗೆ ಯಾರು ಹೇಗೆ ಪರಿಶೀಲಿಸುತ್ತಾರೆ ಎಂಬುದನ್ನು ಅವರು ಹೊರಗೆ ಹೇಳುವುದಿಲ್ಲ. ಹೇಳಿದರೆ ಮರುದಿನವೇ ಟೂಲಿನವರು ತಮ್ಮ ಟೂಲ್ ತಿದ್ದಿಕೊಳ್ಳುತ್ತಾರೆ. ಆದರೆ ನನ್ನ ಕೈಗೆ ಸಿಕ್ಕಷ್ಟು ದಾಖಲೆಯನ್ನು ಬೇರೆಯವರ ಅಪೀಲ್ ಎಂದುಕೊಂಡು ನಾನೇ ಓದಿದೆ. ನಾನೂ ತಿರಸ್ಕರಿಸುತ್ತಿದ್ದೆ.

ಸೆಲ್ಫಿ ಕೊಟ್ಟಾಗ ಕೆಲಸ ಮುಗಿಯಿತು ಎಂದುಕೊಳ್ಳುತ್ತೇವೆ. ಸೆಲ್ಫಿ ಉತ್ತರ ಕೊಡುವುದು 'ಇದರ ಹಿಂದೆ ನಿಜವಾದ ಮನುಷ್ಯರು ಇದ್ದಾರೆಯೇ' ಎಂಬ ಪ್ರಶ್ನೆಗೆ. ಆರೋಪ ಇದ್ದದ್ದು ಅಕೌಂಟ್ ಏನು ಮಾಡಿತು ಎಂಬುದರ ಮೇಲೆ. ವೈನಿ ನಿಜವಾದ ಮಾಲಕಿ ಎಂದು ಸಾಬೀತು ಮಾಡಿದರೆ, ನಿಜವಾದ ಮಾಲಕಿಯ ಅಕೌಂಟೇ ಅದನ್ನೆಲ್ಲ ಮಾಡಿತು ಎಂದಷ್ಟೇ ಆಯಿತು.

'ನಿಯಮ ಮುರಿದಿಲ್ಲ' ಎಂಬ ನನ್ನ ಸಾಲಿಗೆ ದಾಖಲೆ ನೇರ ಉಲ್ಟಾ. 'ಹ್ಯಾಕ್ ಆಗಿತ್ತು' ಎನ್ನುವುದು ಅದಕ್ಕಿಂತ ಕೆಟ್ಟದ್ದು. ನಿಜವಾಗಿ ಹ್ಯಾಕ್ ಆದವರ ದಾಖಲೆ ಬೇರೆಯೇ ಇರುತ್ತದೆ: ಗೊತ್ತಿಲ್ಲದ ಲಾಗಿನ್ ಬಂತು, ಮಾಲೀಕರು ಪಾಸ್‌ವರ್ಡ್ ಬದಲಿಸಿದರು, ಅಲ್ಲಿಗೆ ಅದು ನಿಂತಿತು. ನಮ್ಮಲ್ಲಿ ಪಾಸ್‌ವರ್ಡ್ ಬದಲಾಗಿ ನಲವತ್ತು ನಿಮಿಷದಲ್ಲಿ ಅದೇ ಸರ್ವರ್ ಹೊಸ ಪಾಸ್‌ವರ್ಡ್ ಹಿಡಿದು ಮತ್ತೆ ಒಳಗೆ ಬಂದಿದೆ. ಯಾವ ಕಳ್ಳನಿಗೆ ಅಷ್ಟು ಬೇಗ ಹೊಸ ಬೀಗದ ಕೈ ಸಿಗುತ್ತದೆ? ಮೇಲಾಗಿ ಮೊದಲ ಅಪೀಲಿನಲ್ಲಿ ಒಂದು ಕಥೆ, ಎರಡನೆಯದರಲ್ಲಿ ಇನ್ನೊಂದು.

ಎಲ್ಲಕ್ಕಿಂತ ದಡ್ಡತನ ಯಾವುದೆಂದರೆ, ಅಪೀಲ್ ಹಾಕುವಾಗ ಟೂಲನ್ನು ನಿಲ್ಲಿಸಿರಲೇ ಇಲ್ಲ. ಒಂದು ತಿಂಗಳ ದುಡ್ಡು ಕಟ್ಟಿದ್ದೆ, ಮರೆತೇಬಿಟ್ಟಿದ್ದೆ. ಪರಿಶೀಲನೆ ನಡೆಯುತ್ತಿದ್ದ ರಾತ್ರಿಯೂ ಅದು ಸಮಯಕ್ಕೆ ಸರಿಯಾಗಿ ಬಾಗಿಲು ಬಡಿದಿತ್ತು. ಇದೊಂದೇ ಕಾರಣಕ್ಕೆ ಸೋತೆವು ಎನ್ನಲಾರೆ. ಆದರೆ ಬೇರೆ ಯಾರಿಗಾದರೂ ಇದೇ ಸ್ಥಿತಿ ಬಂದರೆ ನಾನು ಹೇಳುವ ಮೊದಲ ಮಾತು ಇದು: ಅಪೀಲ್ ಬಟನ್ ಒತ್ತುವ ಮುಂಚೆ ಟೂಲಿನ ಸಬ್‌ಸ್ಕ್ರಿಪ್ಷನ್ ರದ್ದು ಮಾಡಿ, ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡಿ. ಸಸ್ಪೆಂಡ್ ಆಗುವ ಮುಂಚಿನ ಎಚ್ಚರಿಕೆಯ ಹಂತದಲ್ಲೇ ಇಷ್ಟು ಮಾಡಿದರೆ ಅಪೀಲಿನ ಪ್ರಸಂಗವೇ ಬರದೆ ಇರಬಹುದು. ಅವಸರವೂ ಬೇಡ. ಇನ್‌ಸ್ಟಾಗ್ರಾಂನಂಥ ಕಡೆ ಸಸ್ಪೆಂಡ್ ಆದ ಮೇಲೆ ಅಪೀಲಿಗೆ 180 ದಿನ ಸಮಯ ಕೊಡುತ್ತಾರೆ. ಬರೆಯುವಾಗ ನಡೆದದ್ದನ್ನೇ ಬರೆಯಿರಿ: ಇಂಥ ದಿನದಿಂದ ಇಂಥ ದಿನದವರೆಗೆ ಇಂಥ ಟೂಲ್ ಬಳಸಿದೆವು, ಇಂಥ ದಿನ ತೆಗೆದೆವು. ಗೆಲ್ಲುತ್ತೀರಿ ಎಂಬ ಭರವಸೆ ನನಗಿಲ್ಲ, ಆದರೆ ಅವರ ದಾಖಲೆಗೂ ನಿಮ್ಮ ಮಾತಿಗೂ ಜಗಳ ಇರುವುದಿಲ್ಲ.

ಕಂಪನಿಗಳಿಗೆ ಇದು ನಿನ್ನೆಯ ತಲೆನೋವಲ್ಲ. 2018ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಡೆವುಮಿ ಎಂಬ ಕಂಪನಿಯ ಸುಳ್ಳು ಫಾಲೋವರ್ಸ್ ವ್ಯಾಪಾರವನ್ನು ಬಯಲಿಗೆಳೆಯಿತು. ಅದು ಮಾರುತ್ತಿದ್ದ ಅಕೌಂಟುಗಳಲ್ಲಿ ನಿಜವಾದ ಜನರ ಹೆಸರು, ಫೋಟೊ ಕದ್ದವೂ ಇದ್ದವು. ಮರುವರ್ಷ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜೊತೆಗಿನ ಪ್ರಕರಣ 25 ಲಕ್ಷ ಡಾಲರ್ ದಂಡದ ಆದೇಶದಲ್ಲಿ ಮುಗಿಯಿತು. 2018ರ ನವೆಂಬರಿನಲ್ಲಿ ಇನ್‌ಸ್ಟಾಗ್ರಾಂ, ಇಂಥ ಟೂಲುಗಳಿಂದ ಬಂದ ಲೈಕ್, ಫಾಲೋ, ಕಾಮೆಂಟುಗಳನ್ನು ತೆಗೆದುಹಾಕುತ್ತೇವೆ ಎಂದು ಬಹಿರಂಗವಾಗಿ ಹೇಳಿ, ಬಳಸಿದವರು ಪಾಸ್‌ವರ್ಡ್ ಬದಲಿಸಬೇಕೆಂದು ಸೂಚನೆ ಕಳಿಸತೊಡಗಿತು. ನಮ್ಮ ಪಕ್ಕದ ಮುಂಬೈಯಲ್ಲೂ 2020ರಲ್ಲಿ ಗಾಯಕಿ ಭೂಮಿ ತ್ರಿವೇದಿ ತಮ್ಮ ಹೆಸರಿನ ಸುಳ್ಳು ಪ್ರೊಫೈಲ್ ಬಗ್ಗೆ ದೂರು ಕೊಟ್ಟರು. ಪೊಲೀಸರು ಎಳೆ ಹಿಡಿದು ಹೋದಾಗ ಸಿಕ್ಕದ್ದು ಸುಳ್ಳು ಫಾಲೋವರ್ಸ್ ಮಾರುವ ಜಾಲ. ನಾನು 650 ರೂಪಾಯಿ ಕೊಟ್ಟದ್ದು ಇಂಥದೇ ಮಾರುಕಟ್ಟೆಗೆ.

ಅಪೀಲ್ ಸೋತ ಮೇಲೆ ಇನ್ನೊಂದು ಬಾಗಿಲು ತಟ್ಟಿತು. ಸಾಮಾಜಿಕ ಜಾಲತಾಣದಲ್ಲಿ ನನ್ನ ಗೋಳು ಬರೆದುಕೊಂಡಿದ್ದೆ. ಅರ್ಧ ತಾಸಿನಲ್ಲಿ ಮೂವರು 'ರಿಕವರಿ ಎಕ್ಸ್‌ಪರ್ಟ್'ಗಳು ಬಂದರು. ಒಬ್ಬ ಹದಿನೈದು ಸಾವಿರ ಕೇಳಿದ, ಒಳಗೆ ನಮ್ಮವರು ಇದ್ದಾರೆ ಎಂದ. ಜೊತೆಗೆ ವೈನಿಯ ಆಧಾರ್ ಫೋಟೊ, ಇಮೇಲ್ ಪಾಸ್‌ವರ್ಡ್ ಬೇಕಂತೆ. ಅಲ್ಲಿಗೆ ನನಗೆ ಬುದ್ಧಿ ಬಂತು. ಆದರೆ ಅದಕ್ಕೆ ಮೊದಲು ಇನ್ನೊಂದು ತಪ್ಪು ಮಾಡಿ ಆಗಿತ್ತು. ಅದೇ ಫೋನಿನಲ್ಲಿ, ಅದೇ ನಂಬರಿನಲ್ಲಿ ಹೊಸ ಅಕೌಂಟ್ ತೆರೆದಿದ್ದೆ. ನಾಲ್ಕೇ ದಿನ. ಒಂದೂ ಸುಳ್ಳು ಫಾಲೋವರ್ ಇಲ್ಲದ ಅಕೌಂಟ್ ಅದೂ ಹೋಯಿತು. ಸಸ್ಪೆಂಡ್ ಆದವರು ಹೊಸ ಹೆಸರಲ್ಲಿ ಹಿಂಬಾಗಿಲಿಂದ ಬರುವುದೂ ಅವರ ನಿಯಮದಲ್ಲಿ ತಪ್ಪೇ.

ನಮ್ಮ ದೇಶದ ಕಾನೂನಿನಲ್ಲಿ ಒಂದು ದಾರಿ ಇದೆ, ಅದು ಬಹಳ ಜನಕ್ಕೆ ಗೊತ್ತಿಲ್ಲ. 2021ರ ಐಟಿ ನಿಯಮಗಳ ಪ್ರಕಾರ ಇಂಥ ಕಂಪನಿಗಳು ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕು. ನಿಮ್ಮ ದೂರು ತಲುಪಿದೆ ಎಂದು 24 ಗಂಟೆಯಲ್ಲಿ ತಿಳಿಸಬೇಕು, ನಿಗದಿತ ದಿನಗಳೊಳಗೆ ಇತ್ಯರ್ಥ ಮಾಡಬೇಕು; ನಾನು ಬರೆದಾಗ ಆ ಗಡುವು 15 ದಿನ ಇತ್ತು. ಉತ್ತರ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಕೇಂದ್ರ ಸರ್ಕಾರದ ಮೇಲ್ಮನವಿ ಸಮಿತಿಗೆ gac.gov.in ಮೂಲಕ ಆನ್‌ಲೈನ್‌ನಲ್ಲೇ ಹೋಗಬಹುದು. ಈ ವ್ಯವಸ್ಥೆ 2023ರಲ್ಲಿ ಶುರುವಾಯಿತು. ತಪ್ಪಾಗಿ ಸಸ್ಪೆಂಡ್ ಆದವರಿಗೆ, ಕಾರಣವನ್ನೇ ಹೇಳದೆ ಮುಚ್ಚಿಸಿಕೊಂಡವರಿಗೆ ಇದು ಒಳ್ಳೆಯ ದಾರಿ. ನಾನು ಅಧಿಕಾರಿಗೆ ಬರೆದೆ. ಹದಿಮೂರನೇ ದಿನ ಉತ್ತರ ಬಂತು, ಯಾವ ನಿಯಮ ಮುರಿದಿದ್ದೀರಿ ಎಂದು ತೋರಿಸಿ. ಮೇಲ್ಮನವಿ ಪುಟ ತೆರೆದು ಕೂತೆ. ಸಾಕ್ಷಿ ಲಗತ್ತಿಸಿ ಎಂಬ ಜಾಗಕ್ಕೆ ಬಂದಾಗ ನನ್ನಲ್ಲಿದ್ದ ಏಕೈಕ ಸಾಕ್ಷಿ ಆ ಡೇಟಾ ಕಡತ. ಅದು ಅವರ ಪರವಾಗಿಯೇ ಸಾಕ್ಷಿ ಹೇಳುತ್ತಿತ್ತು. ಪುಟ ಮುಚ್ಚಿದೆ.

ಟೂಲ್ ಎಲ್ಲವೂ ಕೆಟ್ಟವಲ್ಲ, ಅದನ್ನೂ ಹೇಳಬೇಕು. ಪೋಸ್ಟನ್ನು ಮುಂಚೆಯೇ ಸಮಯ ಹಚ್ಚಿ ಇಡುವುದು, ಬಂದ ಮೆಸೇಜಿಗೆ ಸಿದ್ಧ ಉತ್ತರ ಕಳಿಸುವುದು, ಇಂಥವಕ್ಕೆ ಅಧಿಕೃತ ದಾರಿ ಇದೆ. ಗುರುತಿಸುವುದು ಸುಲಭ. ಸರಿಯಾದ ಟೂಲ್ ನಿಮ್ಮನ್ನು ಮೂಲ ಆ್ಯಪಿನದೇ ಲಾಗಿನ್ ಪುಟಕ್ಕೆ ಕಳಿಸಿ ಅನುಮತಿ ಕೇಳುತ್ತದೆ, ಪಾಸ್‌ವರ್ಡ್ ಅದರ ಕೈಗೆ ಹೋಗುವುದೇ ಇಲ್ಲ. ತನ್ನ ಪುಟದಲ್ಲೇ ಪಾಸ್‌ವರ್ಡ್ ಕೇಳಿದರೆ ಅಲ್ಲಿಗೇ ಬಿಟ್ಟುಬಿಡಿ. ಇನ್ನೊಂದು ಗುರುತು ಅದು ಕೊಡುವ ಭರವಸೆಯಲ್ಲಿದೆ. ಉದಾಹರಣೆಗೆ ಇನ್‌ಸ್ಟಾಗ್ರಾಂನ ಅಧಿಕೃತ ಎಪಿಐನಲ್ಲಿ ಬೇರೆಯವರನ್ನು ಫಾಲೋ ಮಾಡುವ ಸೌಲಭ್ಯವೇ ಇಲ್ಲ. 'ನಿಮ್ಮ ಪರವಾಗಿ ಫಾಲೋ ಮಾಡುತ್ತೇವೆ' ಎನ್ನುವವರು ಅಧಿಕೃತ ದಾರಿಯಲ್ಲಿ ಬಂದವರಲ್ಲ ಎಂದು ಅಷ್ಟರಿಂದಲೇ ಗೊತ್ತಾಗುತ್ತದೆ.

ಮೂರನೇ ದಿನ ರಾತ್ರಿ ವೈನಿಯ ಮುಂದೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಸ್ವಲ್ಪ ಹೊತ್ತು ಹೊಲಿಗೆ ಮಶೀನಿನ ಮೇಲೆ ಕೈ ಇಟ್ಟು ಕೂತು, "ಎರಡು ಸಾವಿರ ಮಂದಿ ಸಾಕಿತ್ತಲ್ಲೋ ನನಗ" ಅಂದರು. ಆಮೇಲೆ ಅವರೇ ದಾರಿ ಹುಡುಕಿದರು. ಮುಂಗಡ ಬಂದದ್ದು ಯುಪಿಐನಲ್ಲಿ, ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಹೆಸರುಗಳಿದ್ದವು, ಕೆಲವಕ್ಕೆ ಫೋನ್ ನಂಬರೂ ಇತ್ತು. ಡೇಟಾ ಕಡತದಲ್ಲಿ ಹಳೆಯ ಮೆಸೇಜುಗಳೂ ಸಿಕ್ಕಿದ್ದವು. ಎರಡನ್ನೂ ಹೊಂದಿಸಿ ಅಣ್ಣ, ವೈನಿ, ನಾನು ಮೂವರೂ ಕೂತು ಫೋನ್ ಹಚ್ಚಿದೆವು. 23ರಲ್ಲಿ 19 ಮಂದಿ ಸಿಕ್ಕರು. ದಾವಣಗೆರೆಯವರ ಕುಪ್ಪಸ ಹಬ್ಬದ ಹಿಂದಿನ ದಿನ ತಲುಪಿತು. ಸಿಗದ ನಾಲ್ವರ ದುಡ್ಡು ಅವರವರ ಯುಪಿಐಗೇ ವಾಪಸ್ ಹಾಕಿದೆವು.

ಈಗ ವೈನಿಯ ಮಶೀನಿನ ಪಕ್ಕ ಒಂದು ಉದ್ದನೆಯ ನೋಟ್‌ಬುಕ್ ಇದೆ. ಗಿರಾಕಿಗಳ ಹೆಸರು, ನಂಬರ್, ಅಳತೆ ಎಲ್ಲ ಅದರಲ್ಲಿ. ಹೊಸ ಸೀರೆ ಬಂದರೆ ವಾಟ್ಸ್ಆ್ಯಪ್‌ನಲ್ಲಿ ಕೇಳಿದವರಿಗೆ ಮಾತ್ರ ಫೋಟೊ ಹೋಗುತ್ತದೆ. ಹೊಸ ಗಿರಾಕಿಗಳು ಮೊದಲಿನಷ್ಟು ಬರುವುದಿಲ್ಲ. ಹಬ್ಬದ ವ್ಯಾಪಾರ ಅರ್ಧಕ್ಕೆ ಇಳಿದಿದೆ. ಆ ಅರ್ಧದ ಲೆಕ್ಕ ನನ್ನ ತಲೆಯಲ್ಲಿದೆ.

ಮೊನ್ನೆ ಆ ಪ್ಯಾನೆಲ್‌ನಿಂದ ಇಮೇಲ್ ಬಂದಿತ್ತು. ಕಡಿಮೆಯಾದ ಫಾಲೋವರ್ಸ್ ಮತ್ತೆ ತುಂಬಿಕೊಡಿ ಎಂದು ಸೆಪ್ಟೆಂಬರಿನಲ್ಲಿ ನಾನೇ ಕೇಳಿದ್ದೆನಂತೆ. ಲಿಂಕ್ ಸಿಗುತ್ತಿಲ್ಲವಾದ್ದರಿಂದ ಆರ್ಡರ್ ರದ್ದಾಗಿದೆ, 212 ರೂಪಾಯಿ ನಿಮ್ಮ ವ್ಯಾಲೆಟ್‌ಗೆ ಮರಳಿಸಿದ್ದೇವೆ, ಮುಂದಿನ ಖರೀದಿಗೆ ಬಳಸಿಕೊಳ್ಳಿ ಎಂದಿತ್ತು.